ಛಾಯಾಚಿತ್ರದಿಂದ ಪೆನ್ಸಿಲ್ ಚಿತ್ರ

ಬಿಳಿಯ ಗೋಡೆಯೂ ಕಪ್ಪು ಬಾಗಿಲೂ ಇರುವ ಮನೆಯೊಂದನ್ನು ಪೆನ್ಸಿಲಿನಿಂದ ಬರೆಯುವ ಚಿತ್ರಕಾರನು ಕಾಗದವನ್ನೆಲ್ಲ ತುಂಬುವುದಿಲ್ಲ. ಗೋಡೆಯೂ ಬಾಗಿಲೂ ಸಂಧಿಸುವೆಡೆಯಲ್ಲಿ ಅವನು ಗೆರೆಯನ್ನೆಳೆಯುತ್ತಾನೆ. ಅಷ್ಟರಿಂದಲೇ ಬಾಗಿಲು ಗೋಚರಿಸುತ್ತದೆ. ಕ್ಯಾಮರಾ ಆದರೋ ಪ್ರತಿಯೊಂದು ಬಿಂದುವಿನ ಬೆಳಕನ್ನೂ ದಾಖಲಿಸುತ್ತದೆ. ಆ ದಾಖಲೆಯಿಂದ ಗೆರೆಯನ್ನಷ್ಟೇ ಉಳಿಸಿಕೊಳ್ಳುವುದು ಹೇಗೆ?

ಗಣಕಯಂತ್ರಕ್ಕೆ ಚಿತ್ರವೆಂದರೆ ಸಂಖ್ಯೆಗಳ ಕೋಷ್ಟಕ. ಬಣ್ಣವಿಲ್ಲದ ಚಿತ್ರದಲ್ಲಿ ಕಡುಗಪ್ಪಿಗೆ 0, ಅಚ್ಚ ಬಿಳುಪಿಗೆ 255. ನಡುವಿನ ಸಂಖ್ಯೆಗಳೆಲ್ಲ ಬೂದುಬಣ್ಣದ ಛಾಯೆಗಳು. ಪೈಥಾನ್ ಭಾಷೆಯಲ್ಲಿ, ಓಪನ್‌ಸಿವಿ ಎಂಬ ಸಾಧನದ ನೆರವಿನಿಂದ, ಐದೇ ಸಾಲುಗಳಲ್ಲಿ ಈ ಕೆಲಸ ಮುಗಿಯುತ್ತದೆ:

```
import cv2
g = cv2.imread("mane.jpg", 0)
b = cv2.GaussianBlur(g, (21, 21), 0)
s = cv2.divide(g, b, scale=255)
cv2.imwrite("sketch.png", s)
```

ಎರಡನೆಯ ಸಾಲು ಛಾಯಾಚಿತ್ರವನ್ನು ಬಣ್ಣವಿಲ್ಲದೆ ಓದುತ್ತದೆ. ಮೂರನೆಯದು ಅದರ ಮಸುಕಾದ ಪ್ರತಿಯೊಂದನ್ನು ಸಿದ್ಧಪಡಿಸುತ್ತದೆ. ಈ ಪ್ರತಿಯಲ್ಲಿ ಪ್ರತಿಯೊಂದು ಬಿಂದುವೂ ತನ್ನ ಸುತ್ತಲಿನ 21 ಸಾಲು, 21 ಕಂಬಗಳ ಚೌಕದ ಸರಾಸರಿಯಾಗುತ್ತದೆ. ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ, ದೂರದವಕ್ಕೆ ಕಡಿಮೆ. ಚೌಕಕ್ಕೆ ನಡುಬಿಂದು ಇರಲೇಬೇಕಾದುದರಿಂದ ಅದರ ಅಳತೆ ಬೆಸಸಂಖ್ಯೆಯಾಗಿರಬೇಕು. ನಾಲ್ಕನೆಯ ಸಾಲು ಮೂಲ ಸಂಖ್ಯೆಯನ್ನು ಸರಾಸರಿಯಿಂದ ಭಾಗಿಸಿ 255ರಿಂದ ಗುಣಿಸುತ್ತದೆ. ಇದೇ ಈ ವಿಧಾನದ ಜೀವಾಳ.

ಗೋಡೆಯ ಬೆಳಕು 200, ಬಾಗಿಲಿನದು 60 ಎಂದಿರಲಿ. ಗೋಡೆಯ ನಡುವೆ ಸುತ್ತಲಿನ ಸರಾಸರಿಯೂ 200. ಭಾಗಿಸಿದರೆ 1, ಫಲ 255, ಅಂದರೆ ಬಿಳುಪು. ಬಾಗಿಲಿನ ನಡುವೆ 60ನ್ನು 60ರಿಂದ ಭಾಗಿಸಿದರೂ ಫಲ ಅದೇ ಬಿಳುಪು. ಆದರೆ ಬಾಗಿಲಿನ ಅಂಚಿನ ಬಿಂದುವಿಗೆ ಗೋಡೆಯ ಬೆಳಕೂ ಸೇರಿ ಸರಾಸರಿ 100 ಆಗಬಹುದು. ಆಗ ಫಲ 153. ಅಲ್ಲಿ ಬೂದುಬಣ್ಣದ ಗೆರೆ ಮೂಡುತ್ತದೆ. ಅಂಚಿನ ಆಚೆ, ಗೋಡೆಯ ಕಡೆ, ಫಲ 255ನ್ನು ಮೀರುವುದರಿಂದ ಅದನ್ನು 255ಕ್ಕೇ ನಿಲ್ಲಿಸಲಾಗುತ್ತದೆ. ಹೀಗಾಗಿ ಗೆರೆಯು ಕಪ್ಪಿನ ಬದಿಯಲ್ಲಿ ಮಾತ್ರ ಬೀಳುತ್ತದೆ. ಚೌಕವು ಕಿರಿದಾದಷ್ಟೂ ಗೆರೆ ತೆಳುವಾಗುತ್ತದೆ. ಹಿರಿದಾದಷ್ಟೂ ನೆರಳು ಹರಡುತ್ತದೆ.

ಈ ವಿಧಾನಕ್ಕೆ ಮಿತಿಯೂ ಉಂಟು. ಮಂದ ಬೆಳಕಿನಲ್ಲಿ ತೆಗೆದ ಛಾಯಾಚಿತ್ರದ ಕಪ್ಪು ಭಾಗಗಳಲ್ಲಿ ಕಣ್ಣಿಗೆ ಕಾಣದ ಏರುಪೇರುಗಳಿರುತ್ತವೆ. ಸರಾಸರಿ 200 ಇರುವೆಡೆ ಒಂದು ಬಿಂದು 190 ಆದರೆ ಫಲ 242. ಅದು ಅಷ್ಟಾಗಿ ಕಾಣದು. ಸರಾಸರಿ 20 ಇರುವೆಡೆ ಅದೇ ಹತ್ತು ಕಡಿಮೆಯಾದರೆ ಫಲ ಅರ್ಧಕ್ಕಿಳಿಯುತ್ತದೆ. ಆಗ ನೆರಳಿನ ಜಾಗವೆಲ್ಲ ಧೂಳು ಚೆಲ್ಲಿದಂತೆ ತೋರುತ್ತದೆ. ಅಂಥ ಚಿತ್ರವನ್ನು ಓದಿದ ಕೂಡಲೇ ಈ ಸಾಲನ್ನು ಸೇರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ:

```
g = cv2.medianBlur(g, 5)
```

ಇದರೊಡನೆ ಕಣ್ಣಿನ ರೆಪ್ಪೆಯಂಥ ನವಿರಾದ ಗೆರೆಗಳೂ ಕೆಲವು ಅಳಿಸಿಹೋಗುತ್ತವೆ. ಯಾವುದು ಧೂಳು, ಯಾವುದು ರೆಪ್ಪೆ ಎಂಬ ಭೇದವು ಚಿತ್ರಕಾರನ ಕಣ್ಣಿಗೆ ತಿಳಿಯುತ್ತದೆ, ಭಾಗಾಕಾರಕ್ಕೆ ತಿಳಿಯದು.