ಸಕ್ಕರೆ ಒಂದೇ, ಲೆಕ್ಕ ಬೇರೆ

ಶುಗರ್ ಇರುವವರ ಮನೆಯಲ್ಲಿ ‘ಮೂರು ತಿಂಗಳ ಟೆಸ್ಟ್’ ಎಂದರೆ ಮಕ್ಕಳಿಗೂ ಗೊತ್ತು. ನಾಲ್ಕು ದಿನ ಮುದ್ದೆ, ಸೊಪ್ಪು ಅಂತ ಪಥ್ಯ ಮಾಡಿ ಫಾಸ್ಟಿಂಗ್ ಶುಗರ್ ಇಳಿಸಿಕೊಂಡು ಡಾಕ್ಟರ ಮುಂದೆ ಕೂತವರ ಗುಟ್ಟು ರಟ್ಟು ಮಾಡುವುದು ಈ ಎಚ್‌ಬಿಎ1ಸಿ ಪರೀಕ್ಷೆಯೇ. ಹಾಗಾಗಿ ಅದು ಸುಳ್ಳು ಹೇಳದು ಎಂಬ ನಂಬಿಕೆ ಬಲವಾಗಿದೆ. ಅದು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಅಳೆಯುವುದು ಸಕ್ಕರೆಯನ್ನಲ್ಲ, ಕೆಂಪು ರಕ್ತಕಣಕ್ಕೆ ಅಂಟಿಕೊಂಡ ಸಕ್ಕರೆಯ ಗುರುತನ್ನು.

ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಇದೆ. ರಕ್ತದ ಗ್ಲೂಕೋಸ್ ಕಣದೊಳಕ್ಕೆ ನುಗ್ಗಿ, ಯಾವ ಕಿಣ್ವದ ಸಹಾಯವೂ ಇಲ್ಲದೆ ಹಿಮೋಗ್ಲೋಬಿನ್ನಿಗೆ ನಿಧಾನವಾಗಿ ಅಂಟುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದ್ದು ಕಣ ಸಾಯುವವರೆಗೂ ಬಿಡುವುದಿಲ್ಲ. ಮಣ್ಣಿನ ರಸ್ತೆಯಲ್ಲಿ ಇಬ್ಬರು ಬಿಳಿ ಪಂಚೆ ಉಟ್ಟು ದಿನವೂ ಓಡಾಡುತ್ತಾರೆ ಎಂದುಕೊಳ್ಳಿ. ರಸ್ತೆಯ ಧೂಳು ಇಬ್ಬರಿಗೂ ಒಂದೇ. ಒಬ್ಬ ಮೂರು ದಿನಕ್ಕೊಮ್ಮೆ ಪಂಚೆ ಬದಲಿಸುತ್ತಾನೆ, ಇನ್ನೊಬ್ಬ ಐದು ದಿನಕ್ಕೊಮ್ಮೆ. ಪಂಚೆಯ ಕೆಂಪು ನೋಡಿ ರಸ್ತೆಯ ಧೂಳನ್ನು ಅಳೆಯಹೊರಟರೆ ಎರಡನೆಯವನ ರಸ್ತೆಯಲ್ಲೇ ಧೂಳು ಹೆಚ್ಚು ಅನ್ನಿಸುತ್ತದೆ.

ಕೆಂಪು ಕಣದ ಆಯಸ್ಸು ಸುಮಾರು 120 ದಿನ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಸರಾಸರಿಯ ಮಾತು. 2008ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ರಕ್ತದ ಕಾಯಿಲೆ ಯಾವುದೂ ಇಲ್ಲದ ಕೆಲವೇ ಜನರಲ್ಲಿ ಓಡಾಡುತ್ತಿದ್ದ ಕಣಗಳ ಸರಾಸರಿ ವಯಸ್ಸು ಒಬ್ಬರಲ್ಲಿ 38 ದಿನ, ಇನ್ನೊಬ್ಬರಲ್ಲಿ 60 ದಿನ ಇತ್ತು. ಅಷ್ಟು ದೂರ ಹೋಗುವುದೇ ಬೇಡ. ಒಬ್ಬರ ಕಣಗಳ ಸರಾಸರಿ ವಯಸ್ಸು 45 ದಿನ, ಮತ್ತೊಬ್ಬರದು 50 ದಿನ ಎಂದಿಟ್ಟುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದರೆ, ಮೊದಲನೆಯವರ ವರದಿ 7.0 ತೋರಿಸುವ ಸಕ್ಕರೆಗೆ ಎರಡನೆಯವರದು ಹೆಚ್ಚುಕಡಿಮೆ 7.8 ತೋರಿಸುತ್ತದೆ. ಒಬ್ಬರಿಗೆ ‘ಪರವಾಗಿಲ್ಲ’ ಅನ್ನಿಸಿಕೊಳ್ಳುವ ಸಕ್ಕರೆಗೇ ಇನ್ನೊಬ್ಬರಿಗೆ ಒಂದು ಮಾತ್ರೆ ಹೆಚ್ಚಾಗಬಹುದು.

ವ್ಯಕ್ತಿ ವ್ಯಕ್ತಿಗೆ ಇರುವ ಈ ವ್ಯತ್ಯಾಸ ಜನಸಮುದಾಯಗಳ ನಡುವೆಯೂ ಇದೆಯೇ? ಈ ಪ್ರಶ್ನೆ ಬಿಸಿಯಾದದ್ದು ಅಮೆರಿಕದಲ್ಲಿ. ಮಧುಮೇಹದ ಅಂಚಿನಲ್ಲಿದ್ದವರನ್ನು ಪರೀಕ್ಷಿಸಿದ ಅಲ್ಲಿನ ಒಂದು ದೊಡ್ಡ ಅಧ್ಯಯನದ ಅಂಕಿಗಳನ್ನು 2007ರಲ್ಲಿ ಹೋಲಿಸಿದಾಗ, ಫಾಸ್ಟಿಂಗ್ ಮತ್ತಿತರ ಅಂಶಗಳನ್ನು ಸರಿದೂಗಿಸಿದ ಮೇಲೂ ಕಪ್ಪು ಜನರ ಎಚ್‌ಬಿಎ1ಸಿ ಬಿಳಿಯರಿಗಿಂತ ಹೆಚ್ಚೇ ಉಳಿಯಿತು. ಏಷ್ಯಾ ಮೂಲದವರದು ನಡುವೆ ನಿಂತಿತು. ಆಕ್ಷೇಪವೂ ಕೂಡಲೇ ಬಂತು, ಅದೂ ನ್ಯಾಯವಾದದ್ದೇ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಒಂದೇ ಇದ್ದ ಮಾತ್ರಕ್ಕೆ ಇಡೀ ದಿನದ ಸಕ್ಕರೆ ಒಂದೇ ಇರಬೇಕೆಂದೇನೂ ಇಲ್ಲ. ಊಟದ ನಂತರ, ನಡುರಾತ್ರಿಯಲ್ಲಿ ಅವರಿಗೆ ನಿಜಕ್ಕೂ ಹೆಚ್ಚು ಏರುತ್ತಿದ್ದರೆ? ಬಡತನ, ಚಿಕಿತ್ಸೆ ಸಿಗದಿರುವುದು ಇಂಥವುಗಳಿಂದ ಆಗುವ ನಿಜವಾದ ಏರಿಕೆಯನ್ನು ‘ಅವರ ರಕ್ತವೇ ಹಾಗೆ’ ಎಂದು ತಳ್ಳಿಹಾಕಿದಂತೆ ಆಗುವುದಿಲ್ಲವೇ?

ಇದನ್ನು ಬಗೆಹರಿಸಲು ಹಗಲುರಾತ್ರಿ ಸಕ್ಕರೆ ಅಳೆಯಬೇಕಿತ್ತು. ಚರ್ಮದಡಿ ಎಳೆಯೊಂದನ್ನು ಇಳಿಸಿ ಕೆಲವು ನಿಮಿಷಕ್ಕೊಮ್ಮೆ ಸಕ್ಕರೆ ದಾಖಲಿಸುವ ಸೆನ್ಸರ್ ಆ ಕೆಲಸ ಮಾಡಿತು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಟೈಪ್ 1 ಮಧುಮೇಹವಿದ್ದ 104 ಕಪ್ಪು ಜನರನ್ನೂ 104 ಬಿಳಿಯರನ್ನೂ 12 ವಾರ ಹಿಂಬಾಲಿಸಿತು. ಸರಾಸರಿ ಸಕ್ಕರೆ ಒಂದೇ ಇದ್ದಾಗ ಕಪ್ಪು ಜನರ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಮೇಲಿತ್ತು. ಫ್ರಕ್ಟೋಸಮೈನ್, ಗ್ಲೈಕೇಟೆಡ್ ಆಲ್ಬುಮಿನ್ ಎಂಬ ಇನ್ನೆರಡು ಪರೀಕ್ಷೆಗಳನ್ನೂ ಮಾಡಿದ್ದರು. ಇವೂ ಸಕ್ಕರೆ ಅಂಟಿದ್ದನ್ನೇ ಅಳೆಯುತ್ತವೆ, ಆದರೆ ಕೆಂಪು ಕಣದೊಳಗಲ್ಲ, ರಕ್ತದ ದ್ರವಭಾಗದ ಪ್ರೋಟೀನುಗಳಲ್ಲಿ. ಇವುಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆರಳು ಕೆಂಪು ಕಣದ ಕಡೆಗೇ ತೋರಿಸಿತು. ಗ್ಲೂಕೋಸ್ ಕಣದೊಳಕ್ಕೆ ಹೋಗುವ ವೇಗ, ಅಂಟುವ ವೇಗ, ಕಣದ ಆಯಸ್ಸು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

ಹಾಗಾದರೆ ಕಪ್ಪು ಜನರ ವರದಿಯಿಂದ 0.4 ಕಳೆದುಬಿಟ್ಟರೆ ಆಯಿತೇ? ಅಲ್ಲೇ ಎಡವುವುದು. 0.4 ಗುಂಪಿನ ಸರಾಸರಿ. ಒಂದೇ ಗುಂಪಿನೊಳಗಿನ ಇಬ್ಬರ ನಡುವೆ ಅದಕ್ಕಿಂತ ದೊಡ್ಡ ಅಂತರ ಇರಬಹುದು. ಅಷ್ಟೇ ಅಲ್ಲ, ಅದೇ ಕಪ್ಪು ಜನರಲ್ಲಿ ಹಲವರ ವರದಿ ತದ್ವಿರುದ್ಧ ದಿಕ್ಕಿಗೆ, ಅಂದರೆ ಕೆಳಕ್ಕೆ ಜಾರುತ್ತದೆ. ಅದರ ಹಿಂದೆ ಇರುವುದು ಮಲೇರಿಯಾ.

ಮಲೇರಿಯಾ ಸಾವಿರಾರು ವರ್ಷ ಕಾಡಿದ ನಾಡುಗಳಲ್ಲಿ, ಅದರ ಪರಾವಲಂಬಿಗೆ ಸುಲಭವಾಗಿ ಬಗ್ಗದ ಕೆಂಪು ಕಣ ಇದ್ದವರೇ ಹೆಚ್ಚಾಗಿ ಬದುಕುಳಿದರು. ಕುಡುಗೋಲು ಕಣದ ಗುಣ ಅಂಥದ್ದೊಂದು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇನ್ನೊಂದು. ಈ ಕಿಣ್ವ ಕಡಿಮೆ ಇರುವ ಕಣ ಬೇಗ ಸವೆದು ಸಾಯುತ್ತದೆ. ಬೇಗ ಬದಲಾಗುವ ಪಂಚೆ! 2017ರ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಆಫ್ರಿಕನ್ ಮೂಲದವರಲ್ಲಿ ಕಾಣುವ ಜಿ6ಪಿಡಿ ಮಾರ್ಪಾಡು ಇದ್ದ ಗಂಡಸರ ಎಚ್‌ಬಿಎ1ಸಿ ಸುಮಾರು 0.8ರಷ್ಟು ಕಡಿಮೆ ಬರುವುದು ಕಂಡಿತು. ಆ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಎಕ್ಸ್ ಒಂದೇ ಆದ್ದರಿಂದ ಒಂದು ಪ್ರತಿ ಬಂದರೂ ಪೂರ್ತಿ ಪರಿಣಾಮ.

ಲೆಕ್ಕ ಹಾಕಿ ನೋಡೋಣ. ಸರಾಸರಿ ಸಕ್ಕರೆಗೂ ಎಚ್‌ಬಿಎ1ಸಿಗೂ ನಂಟು ಹೇಳುವ, 2008ರಿಂದ ಬಳಕೆಯಲ್ಲಿರುವ ಸೂತ್ರ ಹೀಗಿದೆ: ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. 7ಕ್ಕೆ 154 ಬರುತ್ತದೆ. ಈಗ ಸರಾಸರಿ ಸಕ್ಕರೆ 154 ಇರುವ, ಜಿ6ಪಿಡಿ ಕೊರತೆಯ ಒಬ್ಬ ಗಂಡಸನ್ನು ತೆಗೆದುಕೊಳ್ಳಿ. ಅವನ ವರದಿ 7 ತೋರಿಸುವ ಬದಲು 6.2 ತೋರಿಸುತ್ತದೆ. ಮಧುಮೇಹದ ಗೆರೆ 6.5. ‘ಇನ್ನೂ ಬಂದಿಲ್ಲ, ವಾಕಿಂಗ್ ಮಾಡಿ’ ಎಂದು ಅವನನ್ನು ಮನೆಗೆ ಕಳಿಸುತ್ತಾರೆ. ಕಣ್ಣಿನ ಪರದೆ ಮಾತ್ರ ವರದಿ ಓದುವುದಿಲ್ಲ, ಅದು ನಿಜವಾದ ಸಕ್ಕರೆಯನ್ನೇ ಉಣ್ಣುತ್ತಿರುತ್ತದೆ.

ಈ ಕಥೆಗೆ ನಮ್ಮ ಕಡೆಯ ಅಧ್ಯಾಯಗಳೂ ಇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಜೇನುಕುರುಬರಲ್ಲಿ ಕುಡುಗೋಲು ಕಣದ ಗುಣ ಇದೆ. ಜಿ6ಪಿಡಿ ಕೊರತೆಯೂ ದೇಶದ ಹಲವು ಸಮುದಾಯಗಳಲ್ಲಿ ಇದೆ. ಇವೆರಡಕ್ಕಿಂತ ಎಷ್ಟೋ ಸಾಮಾನ್ಯವಾದದ್ದು ಕಬ್ಬಿಣದ ಕೊರತೆ, ಹೆಂಗಸರಲ್ಲಂತೂ ಮನೆಮನೆಯದು. ಅದು ಅಂಕಿಯನ್ನು ಏರಿಸುತ್ತದೆ: ಹೊಸ ಕಣಗಳ ಹುಟ್ಟು ಕುಂಠಿತವಾಗಿ ಹಳೆಯವೇ ಹೆಚ್ಚು ಓಡಾಡುತ್ತಿರುತ್ತವೆ. ಕಬ್ಬಿಣದ ಮಾತ್ರೆ ನುಂಗಿ ಹೊಸ ರಕ್ತ ತುಂಬಿದಾಗ, ಊಟ ಬದಲಿಸದಿದ್ದರೂ ಎಚ್‌ಬಿಎ1ಸಿ ಇಳಿಯುತ್ತದೆ. ಆ ಇಳಿಕೆಯ ಕೀರ್ತಿ ಯಾವುದೋ ಕಷಾಯಕ್ಕೆ ಸಲ್ಲುವುದೂ ಉಂಟು.

ನಿಮ್ಮ ವರದಿ ಯಾವ ಕಡೆಗೆ ವಾಲುತ್ತಿದೆ ಎಂದು ತಿಳಿಯಲು ಜಾತಿ, ಮೂಲ ಕೇಳಬೇಕಿಲ್ಲ. ಬೆರಳು ಚುಚ್ಚಿ ನೋಡುವ ಸಕ್ಕರೆ ಬೇರೆ ಬೇರೆ ಹೊತ್ತಿನಲ್ಲಿ 140ರ ಆಸುಪಾಸಿನಲ್ಲೇ ಇದ್ದು, ವರದಿ ಮಾತ್ರ 8 ಅಂದರೆ (ಸೂತ್ರದ ಪ್ರಕಾರ ಅದಕ್ಕೆ ಸರಾಸರಿ 183 ಇರಬೇಕು) ಏನೋ ಹೊಂದುತ್ತಿಲ್ಲ ಎಂದರ್ಥ. ಆಗ ಡಾಕ್ಟರು ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸುತ್ತಾರೆ, ಫ್ರಕ್ಟೋಸಮೈನ್ ಬರೆದುಕೊಡಬಹುದು. ಎರಡು ವಾರ ತೋಳಿಗೆ ಸೆನ್ಸರ್ ಅಂಟಿಸಿಕೊಂಡರೆ ಇನ್ನೂ ಸ್ಪಷ್ಟವಾಗುತ್ತದೆ. ಇದನ್ನು ನೋಡದೆ 8ನ್ನೇ ನಂಬಿ ಇನ್ಸುಲಿನ್ ಏರಿಸಿದರೆ, ನಡುರಾತ್ರಿ ಬೆವರಿ, ಕೈ ನಡುಗಿ, ಸಕ್ಕರೆ ಡಬ್ಬಕ್ಕೆ ತಡಕಾಡುವ ಪಾಡು ಬರುತ್ತದೆ.

ರಕ್ತದ ಸ್ಥಿತಿ ಬದಲಾಗದೆ ಇರುವತನಕ ಈ ಅಂತರ ಒಬ್ಬರಲ್ಲಿ ಬಹುಮಟ್ಟಿಗೆ ಒಂದೇ ರೀತಿ ಉಳಿಯುತ್ತದೆ. ಆದ್ದರಿಂದ ಒಮ್ಮೆ ಪತ್ತೆಯಾದದ್ದನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆಸಿಟ್ಟುಕೊಳ್ಳಬಹುದು: ‘ಇವರಿಗೆ ಎಚ್‌ಬಿಎ1ಸಿ ಸುಮಾರು ಇಷ್ಟು ಹೆಚ್ಚು ಬರುತ್ತದೆ’ ಎಂದು. ರಕ್ತ ಕೊಟ್ಟಾಗ, ರಕ್ತ ಹಾಕಿಸಿಕೊಂಡಾಗ, ಬಸಿರಿನಲ್ಲಿ, ಕಬ್ಬಿಣದ ಚಿಕಿತ್ಸೆ ಶುರುವಾದಾಗ ಆ ಸಾಲನ್ನು ಹೊಡೆದುಹಾಕಿ ಮತ್ತೆ ಅಳೆಯಬೇಕು.