ಚಾರ್ಜ್ ತುಂಬಿದರೂ ದುರ್ಗ ಮುಟ್ಟದ ಸ್ಕೂಟರ್

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ. ಒಂದು ಚಾರ್ಜ್‌ಗೆ 50 ಕಿ.ಮೀ. ಓಡುತ್ತಿದ್ದ ಎಲೆಕ್ಟ್ರಿಕ್ ಸ್ಕೂಟರ್ ಈಗ ಐಮಂಗಲ ದಾಟಿ, ದುರ್ಗ ಇನ್ನೂ 10 ಕಿ.ಮೀ. ಇರುವಾಗಲೇ ನಿಂತುಬಿಡುತ್ತದೆ ಎಂದುಕೊಳ್ಳಿ. ಚಾರ್ಜರ್‌ನ ಹಸಿರು ದೀಪ ಹತ್ತಿತ್ತು. ಮಲ್ಟಿಮೀಟರ್ ಹಿಡಿದಾಗ 54.2 ವೋಲ್ಟ್ ತೋರಿತ್ತು. 48 ವೋಲ್ಟ್ ಬ್ಯಾಟರಿಗೆ ಅದು ಪೂರ್ತಿ ಚಾರ್ಜೇ ಸರಿ. ಹಾಗಾದರೆ ಕೊರತೆ ಎಲ್ಲಿದೆ?

ಇಂಥ ಲಿಥಿಯಂ ಬ್ಯಾಟರಿಯೊಳಗೆ ಸಾಮಾನ್ಯವಾಗಿ 13 ಗುಂಪುಗಳಿರುತ್ತವೆ. ಒಂದೊಂದು ಗುಂಪಿನಲ್ಲೂ ಹತ್ತು ಸೆಲ್‌ಗಳು ಪ್ಯಾರಲಲ್ ಆಗಿವೆ ಎನ್ನೋಣ. ಗುಂಪುಗಳು ಮಾತ್ರ ಒಂದರ ಹಿಂದೊಂದು ಸೀರೀಸ್‌ನಲ್ಲಿರುವುದರಿಂದ ಎಲ್ಲದರಿಂದಲೂ ಒಂದೇ ಪ್ರಮಾಣದ ಕರೆಂಟ್ ಹೊರಡುತ್ತದೆ. ಯಾವುದಾದರೂ ಒಂದು ಗುಂಪು 3 ವೋಲ್ಟ್‌ಗೆ ಇಳಿದರೆ ಸಾಕು, ಒಳಗಿನ ಬಿಎಂಎಸ್ ಎಂಬ ರಕ್ಷಣಾ ಬೋರ್ಡು ಇಡೀ ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುತ್ತದೆ.

ಆದ್ದರಿಂದ ಗುಂಪುಗಳನ್ನು ಬಿಡಿಬಿಡಿಯಾಗಿ, ಎರಡು ಸಲ ಅಳೆಯಬೇಕು: ಚಾರ್ಜ್ ತುಂಬಿದಾಗ ಒಮ್ಮೆ, ಗಾಡಿ ನಿಂತ ಕೂಡಲೇ ಇನ್ನೊಮ್ಮೆ. ಬಿಎಂಎಸ್‌ಗೆ ಹೋಗುವ 14 ಸಣ್ಣ ವೈರುಗಳಲ್ಲಿ ಅಕ್ಕಪಕ್ಕದ ಎರಡೆರಡರ ನಡುವೆ ಸಿಗುವುದೇ ಒಂದು ಗುಂಪಿನ ವೋಲ್ಟೇಜ್.

ನಮ್ಮ ಗಾಡಿಯಲ್ಲಿ ಚಾರ್ಜ್ ತುಂಬಿದಾಗ ಎಲ್ಲ ಗುಂಪುಗಳೂ 4.17 ವೋಲ್ಟ್ ತೋರಿದವು. ಗಾಡಿ ನಿಂತಾಗ 12 ಗುಂಪುಗಳಲ್ಲಿ 3.62 ಇತ್ತು, ಏಳನೆಯದರಲ್ಲಿ ಮಾತ್ರ 3.00. ಒಟ್ಟು 46.4 ವೋಲ್ಟ್. ಬ್ಯಾಟರಿ ನಿಜವಾಗಿ ಬರಿದಾಗಿದ್ದರೆ ಅದು 40ರ ಆಸುಪಾಸಿಗೆ ಇಳಿಯಬೇಕಿತ್ತು. ಅಂದರೆ ಉಳಿದ ಗುಂಪುಗಳಲ್ಲಿ ಇನ್ನೂ ಸುಮಾರು ಶೇ. 40 ಚಾರ್ಜ್ ಇರುವಾಗಲೇ ಏಳನೆಯದು ಮುಗಿದಿತ್ತು. ತುಂಬುವಾಗ ಸಮ, ಇಳಿಯುವಾಗ ಹಿಂದೆ ಎಂದರೆ ಆ ಗುಂಪಿನ ಸಾಮರ್ಥ್ಯವೇ ಕುಸಿದಿದೆ. ಹತ್ತು ಸೆಲ್‌ಗಳಲ್ಲಿ ನಾಲ್ಕರ ವೆಲ್ಡಿಂಗ್ ಬಿಟ್ಟಿದ್ದರೂ ಇದೇ ಆಗುತ್ತದೆ: 50 ಕಿ.ಮೀ. ಓಟ 30ಕ್ಕೆ ಇಳಿಯುತ್ತದೆ. ವೆಲ್ಡಿಂಗ್ ಸರಿಯಿದ್ದರೆ ಸೆಲ್‌ಗಳು ಸವೆದಿವೆ ಎಂದರ್ಥ. ಆ ಗುಂಪನ್ನು ಉಳಿದ ಗುಂಪುಗಳಷ್ಟೇ ಸಾಮರ್ಥ್ಯದ ಸೆಲ್‌ಗಳಿಂದ ಬದಲಿಸಬೇಕು.

ಏಳನೆಯ ಗುಂಪು ತುಂಬಿದಾಗಲೂ 3.95ರಲ್ಲೇ ಹಿಂದುಳಿದಿದ್ದರೆ ದೋಷ ಬೇರೆ. ಅದಕ್ಕೆ ಚಾರ್ಜ್ ಪೂರ್ತಿ ಸೇರಿಲ್ಲ. ಆ ಗುಂಪಿಗೆ ಮಾತ್ರ 4.2 ವೋಲ್ಟ್‌ನ ಲಿಥಿಯಂ ಚಾರ್ಜರ್ ಕೊಟ್ಟು ಸಮ ಮಾಡಿ, ಒಂದು ವಾರ ಸುಮ್ಮನಿಟ್ಟು ನೋಡಬೇಕು. ಮತ್ತೆ ಇಳಿದರೆ ಒಳಗೇ ಸೋರುತ್ತಿದೆ ಎಂದರ್ಥ. ಅಂಥ ಸೆಲ್ ಬಿಸಿಯಾಗಿ ಬೆಂಕಿ ಹತ್ತುವ ಅಪಾಯವೂ ಇದೆ, ಅದನ್ನು ಉಳಿಸಿಕೊಳ್ಳಬಾರದು.

ಈ ಅಂಕಿಗಳು ಎನ್‌ಎಂಸಿ ಸೆಲ್‌ಗಳಿಗೆ ಹೊಂದುತ್ತವೆ. ಎಲ್‌ಎಫ್‌ಪಿ ಸೆಲ್‌ಗಳ ವೋಲ್ಟೇಜ್ ಓಟದ ಬಹುಭಾಗ 3.2–3.3ರಲ್ಲೇ ನಿಂತಿರುತ್ತದೆ; ಅಲ್ಲಿ ಅರ್ಧ ದಾರಿಯ ಅಳತೆ ಏನನ್ನೂ ಹೇಳದು, ತುಂಬಿದಾಗ ಮತ್ತು ಬರಿದಾದಾಗಿನದೇ ಸಾಕ್ಷಿ.

ಮೀಟರಿನ ಮೊನೆ ಜಾರಿ ಎರಡು ವೈರುಗಳನ್ನು ಕೂಡಿಸಿದರೆ ಕಿಡಿ ಹಾರುತ್ತದೆ. ಉಂಗುರ, ಗಡಿಯಾರ ತೆಗೆದಿಟ್ಟೇ ಕೈಹಾಕಬೇಕು. ಪೆಟ್ಟಿಗೆ ಸೀಲ್ ಆಗಿದ್ದರೆ, ವಾರಂಟಿ ಇದ್ದರೆ ಬಿಚ್ಚದೆ ಸರ್ವಿಸ್ ಸೆಂಟರಿಗೆ ಒಯ್ದು, ಗುಂಪುವಾರು ವೋಲ್ಟೇಜ್ ತೋರಿಸಿ ಎಂದು ಕೇಳಿ. ಗಾಡಿ ನಿಂತಾಗಿನ ಅಂಕಿಯನ್ನೂ ಕೇಳಿ.