‘ಮರ’ ಎಂದು ಒತ್ತಿದರೆ ಮೂಡುವ ಪದಗಳು

ಮೊಬೈಲಿನಲ್ಲಿ ‘ಮರ’ ಎಂದು ಒತ್ತಿದೊಡನೆ ‘ಮರಳು’, ‘ಮರಳಿ’, ‘ಮರೆ’, ‘ಮರೆವು’ ಮುಂತಾದ ಪದಗಳು ತಾವಾಗಿಯೇ ಮೂಡಬೇಕು ಎಂದುಕೊಳ್ಳೋಣ. ದೊಡ್ಡ ಪದಪಟ್ಟಿಯಿಂದ ಇವಿಷ್ಟನ್ನೇ ಥಟ್ಟನೆ ಹೆಕ್ಕಿಕೊಡುವ ಜೋಡಣೆಯೇ ‘ಟ್ರೈ’. 1959ರಲ್ಲಿ ರೆನೆ ದೆ ಲಾ ಬ್ರಿಯಾಂಡೈಸ್ ಇದನ್ನು ವಿವರಿಸಿದರು. ಮರುವರ್ಷ ಎಡ್ವರ್ಡ್ ಫ್ರೆಡ್ಕಿನ್ ಇದಕ್ಕೆ ಈ ಹೆಸರು ಕೊಟ್ಟರು.

ಯೂನಿಕೋಡ್‌ನಲ್ಲಿ ‘ಳು’ ಎಂಬುದು ‘ಳ’ ಮತ್ತು ಕೊಂಬು ಎಂಬ ಎರಡು ಸಂಕೇತ. ಹಾಗೆಯೇ ‘ರೆ’ ಎಂದರೆ ‘ರ’ ಮತ್ತು ಎತ್ವ. ಟ್ರೈನಲ್ಲಿ ಇಂಥ ಒಂದೊಂದು ಸಂಕೇತಕ್ಕೂ ಒಂದು ನೋಡ್. ಬುಡದಿಂದ ‘ಮ’ಗೆ, ಅಲ್ಲಿಂದ ‘ರ’ಗೆ ದಾರಿ ಸಾಗುತ್ತದೆ. ‘ರ’ದಿಂದ ಒಂದು ಕವಲು ‘ಳ’ ಕಡೆಗೆ, ಇನ್ನೊಂದು ಎತ್ವದ ಕಡೆಗೆ. ‘ಳ’ದಿಂದ ಕೊಂಬು ಹಿಡಿದರೆ ‘ಮರಳು’, ಗುಡಿಸು ಹಿಡಿದರೆ ‘ಮರಳಿ’. ಎತ್ವದ ಬಳಿ ನಿಂತರೆ ‘ಮರೆ’, ಮುಂದುವರಿದರೆ ‘ಮರೆವು’. ‘ಮರ’ದ ಕೆಳಗಿನ ಕವಲುಗಳನ್ನೆಲ್ಲ ಸುತ್ತಿ ಬಂದರೆ ಸಲಹೆಗಳು ಸಿದ್ಧ. ಪಟ್ಟಿಯ ಉಳಿದ ಪದಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಪದ ಮುಗಿಯುವ ನೋಡ್‌ಗೆ ‘ಇಲ್ಲಿ ಪದವಿದೆ’ ಎಂಬ ಗುರುತು ಬೇಕೇ ಬೇಕು. ಅದನ್ನು ಮರೆತು, ದಾರಿ ಇದೆಯೇ ಎಂದಷ್ಟೇ ನೋಡಿದರೆ ‘ಮರಳ’ ಕೂಡ ಪಟ್ಟಿಯ ಪದವೆಂದು ಉತ್ತರ ಬರುತ್ತದೆ. ಹೀಗೆ ಅರ್ಧದಲ್ಲಿ ನಿಲ್ಲುವ ಪದವೊಂದನ್ನು ಕೇಳಿ ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಹ್ಯಾಶ್ ಸೆಟ್‌ನ ರೀತಿ ಬೇರೆ. ಅದು ಇಡೀ ಪದದಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆ ತೋರಿದ ಖಾನೆಯಲ್ಲಿ ಪದವನ್ನು ಇಡುತ್ತದೆ. ‘ಮರಳು’ ಇದೆಯೇ ಎಂದರೆ ಕೂಡಲೇ ಹೇಳುತ್ತದೆ. ಆದರೆ ‘ಮರ’ದಿಂದ ಶುರುವಾಗುವ ಪದಗಳು ಎಲ್ಲೆಲ್ಲೋ ಚದುರಿರುವುದರಿಂದ ಅವನ್ನು ಹುಡುಕಲು ಇಡೀ ಪಟ್ಟಿಯನ್ನೇ ಜಾಲಾಡಬೇಕು.

ಟ್ರೈ ಈ ಅನುಕೂಲಕ್ಕೆ ಮೆಮೊರಿಯಲ್ಲಿ ಬೆಲೆ ತೆರುತ್ತದೆ. ‘ಮರ’ ಸೇರಿ ನಮ್ಮ ಐದು ಪದಗಳಲ್ಲಿ 18 ಸಂಕೇತಗಳಿವೆ. ಯುಟಿಎಫ್-8ರಲ್ಲಿ ತಲಾ ಮೂರು ಬೈಟ್‌ನಂತೆ 54 ಬೈಟ್. ಮೊದಲ ಭಾಗವನ್ನು ಹಂಚಿಕೊಳ್ಳುವುದರಿಂದ ಟ್ರೈಗೆ ಬುಡವೂ ಸೇರಿ ಒಂಬತ್ತೇ ನೋಡ್ ಸಾಕು. ಆದರೆ ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳಿಗೂ ಪ್ರತಿ ನೋಡ್‌ನಲ್ಲಿ ಎಂಟು ಬೈಟ್‌ನ ಖಾನೆ ಇಟ್ಟರೆ, ಒಂದು ನೋಡ್‌ಗೆ 1,024 ಬೈಟ್, ಒಟ್ಟು 9,216 ಬೈಟ್! 1,152 ಖಾನೆಗಳಲ್ಲಿ ತುಂಬುವುದು ಎಂಟು ಮಾತ್ರ. ಹ್ಯಾಶ್ ಸೆಟ್‌ಗೂ ಪದಗಳ ಜೊತೆ ಒಂದಷ್ಟು ಹೆಚ್ಚುವರಿ ಜಾಗ ಬೇಕು, ಆದರೆ ಇಷ್ಟಲ್ಲ.

ಪರಿಹಾರಗಳಿವೆ. ಖಾಲಿ ಖಾನೆ ಬಿಟ್ಟು, ಇರುವ ಕವಲುಗಳ ಚಿಕ್ಕ ಪಟ್ಟಿಯನ್ನಷ್ಟೇ ಇಡಬಹುದು. ಕವಲೊಡೆಯದ ಉದ್ದನೆಯ ದಾರಿಯನ್ನು ಒಂದೇ ನೋಡ್‌ಗೆ ಮಡಚಬಹುದು. ‘ಮರದಲ್ಲಿ’, ‘ಊರಲ್ಲಿ’ ಪದಗಳ ಸಮಾನ ಬಾಲವನ್ನೂ ಕೂಡಿಸಬಹುದು. ವಿಭಕ್ತಿ ಪ್ರತ್ಯಯ ಹೇರಳವಾಗಿರುವ ಕನ್ನಡಕ್ಕೆ ಇದು ಒಪ್ಪುತ್ತದೆ. ಆದರೆ ಬಾಲ ಒಂದಾದ ಮೇಲೆ ಯಾವ ಪದ ಎಷ್ಟು ಬಳಕೆಯಲ್ಲಿದೆ ಎಂಬ ಲೆಕ್ಕವನ್ನು ಕೊನೆಯ ನೋಡ್‌ನಲ್ಲಿ ಇಡಲಾಗದು.

ಪದ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ ಹ್ಯಾಶ್ ಸೆಟ್ ಸಾಕು. ಒತ್ತುತ್ತಿರುವಾಗಲೇ ಸಲಹೆ ಕೊಡಬೇಕಿದ್ದರೆ ಚಿಕ್ಕ ಪಟ್ಟಿಗಳಿರುವ ಟ್ರೈ ಮೇಲು.